ಸಿಒಡಿ ಪರೀಕ್ಷೆಗೆ ಇನ್ನು ಮುಂದೆ ಎರಡು ಫ್ಲಾಸ್ಕ್: ದರ ಏಕೆ ಏರಿತು

ಆತ್ಮೀಯ ಗ್ರಾಹಕರೇ,

ನೀರಿನ ಕೊಳೆ ಪೂರ್ತಿ ಉರಿಯಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಯೇ ಸಿಒಡಿ. ಈ ಪರೀಕ್ಷೆಗೆ ಮುಂದಿನ ತಿಂಗಳಿಂದ ಸಂಸ್ಕರಿಸದ ತ್ಯಾಜ್ಯನೀರಿನ ಪ್ರತಿ ಸ್ಯಾಂಪಲನ್ನೂ ಎರಡು ಬೇರೆ ಬೇರೆ ಪ್ರಮಾಣದಲ್ಲಿ ತೆಳು ಮಾಡಿ ಕುದಿಸುತ್ತೇವೆ. ಎರಡನೆಯ ಫ್ಲಾಸ್ಕಿಗೆ ಅರ್ಧ ದರ ಸೇರುತ್ತದೆ, ರಿಪೋರ್ಟು ಒಂದು ದಿನ ತಡವಾಗುತ್ತದೆ. ಈ ತೊಂದರೆಗೆ ಕ್ಷಮೆ ಕೇಳುತ್ತೇವೆ. ನಿಮ್ಮ ತ್ಯಾಜ್ಯನೀರು ಸಂಸ್ಕರಣಾ ಘಟಕ, ಅಂದರೆ ಇಟಿಪಿಯಿಂದ ಹೊರಬರುವ, 250 ಮಿಗ್ರಾಂ/ಲೀ ಮಿತಿಯ ಆಸುಪಾಸಿನ ನೀರಿಗೆ ಹಳೆಯ ದರವೇ ಇರುತ್ತದೆ.

"ನಿಮ್ಮ ಲ್ಯಾಬಿನಲ್ಲಿ ಮಾತ್ರ ಸಿಒಡಿ ಜಾಸ್ತಿ ಬರುತ್ತೆ, ಬೇರೆ ಕಡೆ ಸಾವಿರದೊಳಗೇ ಬಂತು" ಎಂಬ ಮಾತು ಪದೇ ಪದೇ ನಮ್ಮ ಕಿವಿಗೆ ಬೀಳುತ್ತಿದೆ. ಆ ಸಾವಿರ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಲೇಬೇಕು.

ಈ ಪರೀಕ್ಷೆಯಲ್ಲಿ ನೀರಿನ ಕೊಳೆಯನ್ನು ನೇರವಾಗಿ ಅಳೆಯುವುದಿಲ್ಲ. 20 ಮಿಲೀ ಸ್ಯಾಂಪಲ್‌ಗೆ 0.25 ನಾರ್ಮಲ್ ಪೊಟ್ಯಾಶಿಯಂ ಡೈಕ್ರೋಮೇಟ್ 10 ಮಿಲೀ ಮತ್ತು ಬೆಳ್ಳಿಯ ಸಲ್ಫೇಟ್ ಬೆರೆಸಿದ ಗಂಧಕಾಮ್ಲ 30 ಮಿಲೀ ಹಾಕಿ, ಕಂಡೆನ್ಸರ್ ಜೋಡಿಸಿ ಎರಡು ಗಂಟೆ ಕುದಿಸುತ್ತೇವೆ. ಕೊಳೆ ತನಗೆ ಬೇಕಾದಷ್ಟು ಡೈಕ್ರೋಮೇಟ್ ತಿನ್ನುತ್ತದೆ. ಆರಿದ ಮೇಲೆ ನೀರು ಬೆರೆಸಿ, ಫೆರೋಯಿನ್ ಎರಡು ಮೂರು ಹನಿ ಬಿಟ್ಟು, ಉಳಿದದ್ದನ್ನು ಫೆರಸ್ ಅಮೋನಿಯಂ ಸಲ್ಫೇಟಿನಿಂದ ಟೈಟ್ರೇಟ್ ಮಾಡುತ್ತೇವೆ. ನೀಲಿ ಹಸಿರು ಬಣ್ಣ ಥಟ್ಟನೆ ಕೆಂಗಂದಾದಾಗ ಬ್ಯೂರೆಟ್ ನಿಲ್ಲಿಸಬೇಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೀಲಿ ತಿರುಗಿದರೂ ಮೊದಲ ಬದಲಾವಣೆಯೇ ಲೆಕ್ಕಕ್ಕೆ. ಸ್ಯಾಂಪಲ್ ಬದಲು ಬರೀ ಶುದ್ಧ ನೀರು ಹಾಕಿದ ಬ್ಲಾಂಕಿಗೆ ತಗುಲಿದ್ದು A, ಸ್ಯಾಂಪಲ್‌ಗೆ ತಗುಲಿದ್ದು B, ಬ್ಯೂರೆಟ್‌ನ ದ್ರಾವಣದ ನಾರ್ಮಾಲಿಟಿ N ಆದರೆ:

COD = (A − B) × N × 8000 / 20

ಅಂದರೆ ಉಳಿಕೆ ಇದ್ದರೆ ಮಾತ್ರ ಈ ಲೆಕ್ಕಕ್ಕೆ ಅರ್ಥವಿದೆ. ಹಾಲಿನ ಘಟಕದಿಂದ ಬಂದ ಒಂದು ಸ್ಯಾಂಪಲನ್ನೇ ನೋಡಿ. ಬ್ಲಾಂಕಿಗೆ 0.1 ನಾರ್ಮಲ್ ದ್ರಾವಣ 24.6 ಮಿಲೀ ಹಿಡಿಯಿತು. ತೆಳು ಮಾಡದ ಸ್ಯಾಂಪಲ್ ಕುದಿಯುತ್ತಿದ್ದಾಗಲೇ ಪೂರ್ತಿ ಹಸಿರಾಯಿತು, ಹಳದಿಯ ಸುಳಿವೇ ಉಳಿಯಲಿಲ್ಲ. ಡೈಕ್ರೋಮೇಟ್ ಖಾಲಿಯಾಗಿದೆ ಎಂಬುದಕ್ಕೆ ಅದೇ ಗುರುತು. ಬ್ಯೂರೆಟ್ ತಿರುಗಿಸಿದ ಮೊದಲ ಹನಿಗೇ ಕೆಂಪು ಬಂತು. ಇಲ್ಲಿ B ಸೊನ್ನೆ ಎಂದು ಬರೆದುಕೊಂಡರೆ ಉತ್ತರ 984. ನೀರಿನಲ್ಲಿ ಎಷ್ಟೇ ಕೊಳೆಯಿದ್ದರೂ, ಐದು ಸಾವಿರವಿರಲಿ ಹತ್ತು ಸಾವಿರವಿರಲಿ, ಈ ಫ್ಲಾಸ್ಕ್ 984ರ ಮೇಲೆ ಹೇಳಲಾರದು. ಅದೇ ನೀರನ್ನು ಐದು ಪಟ್ಟು ತೆಳು ಮಾಡಿ ಕುದಿಸಿದಾಗ B 11.6 ಬಂತು. ವ್ಯತ್ಯಾಸ 13.0, ಅದರಿಂದ 520, ಐದರಿಂದ ಗುಣಿಸಿದರೆ 2600. ನಿಮ್ಮ ಇಟಿಪಿಯ ಗಾಳಿ ಊದುವ ಯಂತ್ರ ಇಡೀ ದಿನ ಓಡಿದರೂ ಏಕೆ ಸಾಲುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ 2600ರಲ್ಲಿದೆ, 984ರಲ್ಲಿ ಇಲ್ಲ. ಒಂದು ಲೀಟರ್ ಹಾಲಿಗೇ ಸುಮಾರು 2 ಲಕ್ಷ ಮಿಲಿಗ್ರಾಂ ಸಿಒಡಿ ಇರುತ್ತದೆ. ಕ್ಯಾನ್ ತೊಳೆದ ನೀರನ್ನು ನಂಬಬೇಡಿ.

"ಹಾಗಾದರೆ ಮೊದಲೇ ಇಪ್ಪತ್ತು ಪಟ್ಟು ತೆಳು ಮಾಡಿ, ಒಂದೇ ಫ್ಲಾಸ್ಕ್ ಸಾಕಲ್ಲ?" ಎಂದು ಕೇಳುವವರಿದ್ದಾರೆ. ಬ್ಯೂರೆಟ್ ಓದುವಾಗ 0.1 ಮಿಲೀ ಆಚೀಚೆಯಾದರೆ ಫ್ಲಾಸ್ಕಿನಲ್ಲಿ 4 ಮಿಗ್ರಾಂ/ಲೀ ತಪ್ಪು. ಐದು ಪಟ್ಟಿಗೆ ಅದು 20, ಇಪ್ಪತ್ತು ಪಟ್ಟಿಗೆ 80. ಹಾಗಾಗಿ ಎರಡನ್ನೂ ಒಟ್ಟಿಗೇ ಇಟ್ಟು, ಡೈಕ್ರೋಮೇಟ್ ಮೂರನೇ ಒಂದು ಭಾಗವಾದರೂ ಉಳಿದಿರುವ ಫ್ಲಾಸ್ಕನ್ನು ರಿಪೋರ್ಟಿಗೆ ತೆಗೆದುಕೊಳ್ಳುತ್ತೇವೆ. ಎರಡರಲ್ಲೂ ಉಳಿದಿದ್ದರೆ ಕಡಿಮೆ ತೆಳು ಮಾಡಿದ್ದೇ ರಿಪೋರ್ಟಿಗೆ.

ಇನ್ನು ಖರ್ಚು. "ನೀರು ಕುದಿಸೋಕೆ ಇಷ್ಟು ದುಡ್ಡಾ?" ಎನ್ನುವುದು ನಮಗೆ ನೋವಾಗುವ ಮಾತು. ಒಂದೊಂದು ಫ್ಲಾಸ್ಕಿಗೆ ಸುಮಾರು 0.3 ಗ್ರಾಂ ಬೆಳ್ಳಿಯ ಸಲ್ಫೇಟ್ ಹೋಗುತ್ತದೆ, ಅದರಲ್ಲಿ ಮೂರನೇ ಎರಡು ಪಾಲು ಬೆಳ್ಳಿಯೇ. ಅದಿಲ್ಲದೆ ಹಾಲಿನ ಕೊಬ್ಬಿನಾಮ್ಲಗಳು ಪೂರ್ತಿ ಉರಿಯುವುದಿಲ್ಲ. ಕ್ಲೋರೈಡನ್ನು ಕಟ್ಟಿಹಾಕಲು 0.4 ಗ್ರಾಂ ಪಾದರಸದ ಸಲ್ಫೇಟ್ ಬೇರೆ. ಕೆಲಸ ಮುಗಿದ ಮೇಲೆ ಬೆಳ್ಳಿ, ಪಾದರಸ, ಕ್ರೋಮಿಯಂ ತುಂಬಿದ ಆ ಆಮ್ಲವನ್ನು ಮೋರಿಗೆ ಸುರಿಯುವ ಹಾಗಿಲ್ಲ. ಡಬ್ಬಿಗೆ ತುಂಬಿ, ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡಲು ಪರವಾನಗಿ ಇರುವವರಿಗೆ ಹಣ ಕೊಟ್ಟೇ ಕಳಿಸುತ್ತೇವೆ. ಈ ಬಾಬ್ತನ್ನು ಉಳಿಸಿದರೆ ದರ ಇಳಿಸಬಹುದಿತ್ತು, ಆದರೆ ನಾವು ಉಳಿಸುವುದಿಲ್ಲ.

ನಿಮ್ಮಿಂದ ಬೇಕಿರುವುದು ಇಷ್ಟು. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕಲಕಿ ತುಂಬಿಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಗಂಧಕಾಮ್ಲ ಹಾಕಿ, ಐಸ್ ಡಬ್ಬಿಯಲ್ಲಿ ತನ್ನಿ. ಸ್ಯಾಂಪಲ್ ತೆಗೆಯುವ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಉಪ್ಪು ಬಳಸಿದ್ದರೆ ಬಾಟಲಿಯ ಮೇಲೆ ಬರೆಯಿರಿ. ಎರಡೂ ಅಂಕಿಯನ್ನು ಸುಳ್ಳಾಗಿ ಏರಿಸುತ್ತವೆ, ಮತ್ತು ಕ್ಲೋರೈಡ್ 2000 ಮಿಗ್ರಾಂ/ಲೀ ದಾಟಿದರೆ ಪಾದರಸ ಅಷ್ಟೇ ಸಾಲದು.

ಅನುಮಾನವಿರುವವರು ಸ್ಯಾಂಪಲ್ ಕೊಡಲು ಬಂದ ದಿನವೇ ಲ್ಯಾಬಿನೊಳಗೆ ಬನ್ನಿ. ನಿಮ್ಮದೇ ಫ್ಲಾಸ್ಕ್ ಹಳದಿ ಉಳಿಸಿಕೊಂಡಿದೆಯೋ ಹಸಿರಾಯಿತೋ ನೀವೇ ನೋಡಿ, ಬ್ಯೂರೆಟ್ ನೀವೇ ಓದಿ.

ಇಂತಿ,
ನಿಮ್ಮ ಲ್ಯಾಬಿನವರು