ಆರ್.ಡಿ. ಎಷ್ಟಕ್ಕೆ ಹಾಕಲಿ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಎರಡು ಮಕ್ಕಳ ಟ್ಯೂಷನ್ ಸಿಕ್ಕಿತು, ಬ್ಯಾಂಕಿನಲ್ಲಿ ತಿಂಗಳಿಗೆ 3,000 ಕಂತು ಕಟ್ಟುವ ಆರ್.ಡಿ. ಠೇವಣಿ ಹಾಕಲಾ ಅಂತ ಕೇಳಿದ್ದೀಯ. ಹಾಕಬೇಡ ಕಣೋ. ನಾನೂ ಮೊದಲ ವರ್ಷ ಅಷ್ಟಕ್ಕೇ ಹಾಕಿದ್ದೆ. ಕೊನೆಗೆ ಅದನ್ನು ಮುರಿಯಬೇಕಾಯಿತು. ಯಾಕೆ ಅಂತ ಹೇಳುತ್ತೇನೆ.

ನನಗೆ ಆರನೇ ಕ್ಲಾಸಿನ ಹುಡುಗನಿಂದ 2,500, ಎಂಟನೇ ಕ್ಲಾಸಿನ ಹುಡುಗಿಯಿಂದ 3,000. ಒಟ್ಟು 5,500. ಎರಡೂ ಮನೆಯವರು ಆಯಾ ತಿಂಗಳ ಫೀಸನ್ನು 10ನೇ ತಾರೀಖಿನ ಒಳಗೆ ಕೊಡುತ್ತಾರೆ. ನಾನು ಆರ್.ಡಿ. ಕಂತಿಗೆ 5ನೇ ತಾರೀಖು ಇಟ್ಟಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೋ ನಡೆಯಿತು. ಅಕ್ಟೋಬರ್ 5ಕ್ಕೆ ಖಾತೆಯಲ್ಲಿ ಇದ್ದದ್ದು 1,100 ರೂಪಾಯಿ. ಕಂತು ಹೋಗಲಿಲ್ಲ, ದಂಡ ಬಿತ್ತು. 10ಕ್ಕೆ ಹುಡುಗಿಯ ಅಮ್ಮ ಗೇಟಿನ ಹತ್ತಿರ ನಿಂತು, "ದಸರಾ ರಜೆ ಅಲ್ವಾ ಸರ್, ಅರ್ಧ ಕೊಡ್ತೀನಿ" ಅಂದರು. ಅವರು ಹೇಳಿದ್ದು ನ್ಯಾಯವೇ. ಹುಡುಗನ ಮನೆಯವರೂ ಹಾಗೇ ಮಾಡಿದರು. ಆ ತಿಂಗಳು ಕೈಗೆ ಬಂದದ್ದು 2,750. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಅದೂ ಇಲ್ಲ. ಆಗಲೇ ಆರ್.ಡಿ. ಮುರಿಸಿದೆ. ಅವಧಿಗೆ ಮುಂಚೆ ಮುರಿದಿದ್ದಕ್ಕೆ ಬಡ್ಡಿ ದರದಲ್ಲಿ ಒಂದು ಪರ್ಸೆಂಟ್ ಕಡಿತ ಆಯಿತು.

ಆ ಸಂಜೆ ಗೋಡೆಯ ಕ್ಯಾಲೆಂಡರ್ ಇಳಿಸಿ ಜೂನ್‌ನಿಂದ ಮೇವರೆಗೆ ಒಂದೊಂದೇ ತಿಂಗಳು ಬರೆದೆ. ಒಂಬತ್ತು ತಿಂಗಳು ಪೂರ್ತಿ 5,500. ಅಕ್ಟೋಬರ್ ಅರ್ಧ. ಏಪ್ರಿಲ್, ಮೇ ಸೊನ್ನೆ. ವರ್ಷಕ್ಕೆ 52,250 ಆಯಿತು. ಹನ್ನೆರಡರಿಂದ ಭಾಗಿಸಿದರೆ 4,350 ಚಿಲ್ಲರೆ. ಅಂದರೆ ನನ್ನ ನಿಜವಾದ ತಿಂಗಳ ಆದಾಯ ಇಷ್ಟೇ. 5,500 ಬರುತ್ತದೆ ಅಂದುಕೊಂಡು ಖರ್ಚು ಮಾಡುತ್ತಿದ್ದೆ.

ಈ ವರ್ಷ ಹೀಗೆ ಮಾಡಿದೆ. ಆರ್.ಡಿ. 1,500 ಮಾತ್ರ, ಒಂದು ವರ್ಷಕ್ಕೆ. ಕಂತಿನ ದಿನ 12. ಆ ಹೊತ್ತಿಗೆ ಫೀಸು ಬಂದಿರುತ್ತದೆ. ಮೆಸ್ಸು, ಪೆಟ್ರೋಲು, ರೀಚಾರ್ಜು ಎಲ್ಲ ಸೇರಿ 2,850. ಪೂರ್ತಿ ಫೀಸು ಬಂದ ತಿಂಗಳು ಇನ್ನೂ 1,150 ಉಳಿಯುತ್ತದೆ. ಅದನ್ನು ಎಟಿಎಂ ಕಾರ್ಡ್ ತೆಗೆದುಕೊಳ್ಳದ ಇನ್ನೊಂದು ಖಾತೆಗೆ ಹಾಕುತ್ತೇನೆ. ಇದನ್ನು ಉಳಿತಾಯ ಅಂತ ಲೆಕ್ಕ ಹಿಡಿಯಬೇಡ. ಅಕ್ಟೋಬರ್, ಏಪ್ರಿಲ್, ಮೇ ತಿಂಗಳ ಖರ್ಚೂ ಕಂತೂ ಅದರಿಂದಲೇ ಹೋಗಬೇಕು. ಒಂಬತ್ತು ತಿಂಗಳಲ್ಲಿ 10,350 ಸೇರುತ್ತದೆ, ಆ ಮೂರು ತಿಂಗಳಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಮೊನ್ನೆ 12ಕ್ಕೆ ಮೇ ತಿಂಗಳ ಕಂತು ಸದ್ದಿಲ್ಲದೆ ಹೋಯಿತು. ಎಷ್ಟು ಸಮಾಧಾನ ಆಯಿತು ಗೊತ್ತಾ!

ಒಂದು ವರ್ಷವೇ ಯಾಕೆ ಅಂದರೆ, ಈ ದುಡ್ಡು ನಾನು ಕೆಲಸಕ್ಕೆ ಸೇರುವ ಮುಂಚೆ ಕೈಗೆ ಬರಬೇಕು. ನಮ್ಮ ದೊಡ್ಡಪ್ಪನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದು 22ನೇ ತಾರೀಖು. ಆ ತಿಂಗಳ ಸಂಬಳದ ಲೆಕ್ಕ ಆಗಲೇ ಮುಗಿದಿತ್ತು. ಆ ಒಂಬತ್ತು ದಿನದ ಸಂಬಳ ಮುಂದಿನ ತಿಂಗಳ ಸಂಬಳದ ಜೊತೆಗೇ ಬಂತು. ಸುಮಾರು 40 ದಿನ ಒಂದು ರೂಪಾಯಿಯೂ ಬರಲಿಲ್ಲ. ಪಿ.ಜಿ. ಬಾಡಿಗೆ 10,000, ಅಡ್ವಾನ್ಸ್ 5,000, ಬಸ್ಸು, ಬಟ್ಟೆ, ಚಪ್ಪಲಿ ಅಂತ 3,500. ಒಟ್ಟು 18,500 ಖರ್ಚಾಯಿತು. ಅಷ್ಟಕ್ಕಾಗಿ ದೊಡ್ಡಪ್ಪ ಸಾಲ ಮಾಡಿದರು. ಅದನ್ನು ನೋಡಿದ ಮೇಲೇ ನನ್ನ ಗುರಿ ಎಷ್ಟು ಅಂತ ಗೊತ್ತಾಗಿದ್ದು. 1,500ರಂತೆ ಹನ್ನೆರಡು ಕಂತು ಅಂದರೆ 18,000. ನನಗೆ ಸಿಕ್ಕ 6.5 ಪರ್ಸೆಂಟಿಗೆ ಬಡ್ಡಿ ಸುಮಾರು 640. ಬಡ್ಡಿಗಾಗಿ ಆರ್.ಡಿ. ಹಾಕಿದ್ದಲ್ಲ, ವರ್ಷ ತುಂಬುವವರೆಗೆ ದುಡ್ಡು ನನ್ನ ಕೈಗೆ ಸಿಗದೆ ಇರಲಿ ಅಂತ.

ಪೋಸ್ಟಾಫೀಸಿನಲ್ಲಿ ಹಾಕು ಅಂತ ಮನೆಯಲ್ಲಿ ಹೇಳಬಹುದು. ಅದು ಒಳ್ಳೆಯದೇ, ಆದರೆ ನಿನಗೆ ಈಗ ಅಲ್ಲ. ಅದು ಐದು ವರ್ಷದ್ದು, ಮೂರು ವರ್ಷ ತುಂಬುವ ತನಕ ಮುರಿಯುವ ಹಾಗಿಲ್ಲ. ನಿನ್ನ ಡಿಗ್ರಿ ಮುಗಿಯುವುದಕ್ಕೆ ಇರುವುದೇ ಎರಡು ವರ್ಷ.

ಬ್ಯಾಂಕಿನಲ್ಲಿ ತೆರೆಯುವಾಗ ಅವಧಿ ಮುಗಿದ ಮೇಲೆ ದುಡ್ಡು ಉಳಿತಾಯ ಖಾತೆಗೇ ಬರುವ ಹಾಗೆ ನೋಡಿಕೋ. ನಾಮಿನಿ ಹೆಸರನ್ನು ಖಾಲಿ ಬಿಡಬೇಡ, ಅಮ್ಮನ ಹೆಸರು ಹಾಕು.

ಮೊತ್ತ ಎಷ್ಟು ಅಂತ ಇವತ್ತೇ ತೀರ್ಮಾನ ಮಾಡಬೇಡ. ನಿನ್ನ ಹನ್ನೆರಡು ತಿಂಗಳನ್ನೂ ಬರೆದು ಫೋಟೋ ಕಳಿಸು. ನಿನ್ನ ಸೆಮಿಸ್ಟರ್ ಪರೀಕ್ಷೆಗೆ ರಜೆ ಹಾಕುವ ವಾರಗಳನ್ನೂ ಅದರಲ್ಲಿ ಸೇರಿಸು. ಆಗಲೂ ಫೀಸು ಕಡಿಮೆಯೇ ಬರುತ್ತದೆ.

ಇಂತಿ,
ನಿನ್ನ ಗೆಳೆಯ
ಮೈಸೂರಿನಿಂದ