ಮನೆಯೊಳಗಿನ ಪ್ರಾರ್ಥನೆಗೆ ಅನುಮತಿ ಕೊಡುವವರು ಯಾರು?

ಸಂಪಾದಕರೇ,

ಗುರುವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆದ ಜಗಳ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. 'ಅನುಮತಿ ಪಡೆಯದೆ ಪ್ರಾರ್ಥನೆ' ಅಂತ ಬರೆದಿದ್ದೀರಿ. ಆ ಮನೆ ನಮ್ಮದೇ. ಅನುಮತಿ ಕೇಳಿದ್ದೆ, ಮೂರು ಸಲ, ಬರೆದುಕೊಟ್ಟೇ ಕೇಳಿದ್ದೆ. ಕಮಿಟಿಯವರು ಹೂಂ ಅನ್ನಲಿಲ್ಲ, ಉಹುಂ ಅಂತಲೂ ಬರೆದುಕೊಡಲಿಲ್ಲ.

ನಮ್ಮ ಅತ್ತೆಗೆ 84 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಚರ್ಚಿಗೆ ಹೋಗಲು ಆಗುತ್ತಿಲ್ಲ. ಹಾಗಾಗಿ ಸಭೆಯವರೇ ವಾರಕ್ಕೊಮ್ಮೆ ಮನೆಗೆ ಬರುತ್ತೇವೆ ಅಂದರು. ಗುರುವಾರ ಸಂಜೆ 6.30ರಿಂದ 7.30ರವರೆಗೆ, ಹತ್ತು ಹನ್ನೆರಡು ಜನ. ಮೂರ್ನಾಲ್ಕು ಗೀತೆ, ಬೈಬಲಿನ ಒಂದು ಅಧ್ಯಾಯ, ಪ್ರಾರ್ಥನೆ, ಆಮೇಲೆ ಚಹಾ. ಮೈಕ್ ಇಲ್ಲ, ಢೋಲಕ್ ಇಲ್ಲ. ಗಾಡಿಗಳು ಹೊರಗಿನ ರಸ್ತೆಯಲ್ಲಿ ನಿಲ್ಲುತ್ತವೆ, ಚಪ್ಪಲಿ ಮನೆಯೊಳಗೆ ಇರುತ್ತವೆ. ಅರ್ಜಿಯಲ್ಲಿ ಇಷ್ಟನ್ನೂ ಬರೆದಿದ್ದೆ.

ನಾವು ಬಾಡಿಗೆದಾರರು. ಮೊದಲು ಮಾಲೀಕರ ಒಪ್ಪಿಗೆ ಪತ್ರ ತನ್ನಿ ಅಂದರು. ಅದು ಸರಿಯಾದ ಮಾತೇ. 11 ತಿಂಗಳ ಕರಾರಿನಲ್ಲಿ 'ವಾಸಕ್ಕೆ ಮಾತ್ರ' ಎಂಬ ಸಾಲು ಇದೆ, ನಾಳೆ ಅದನ್ನೇ ಹಿಡಿದು ಮನೆ ಬಿಡಿ ಅನ್ನಬಾರದಲ್ವಾ. ಮಾಲೀಕರು ಒಂದೇ ದಿನದಲ್ಲಿ ಸಹಿ ಮಾಡಿ ಕಳಿಸಿದರು. ಆಮೇಲೆ ಕಮಿಟಿಯವರು ಪೊಲೀಸರ ಎನ್‌ಒಸಿ ಬೇಕು ಅಂದರು. ಠಾಣೆಗೆ ಹೋದೆ. ಒಂದು ತಾಸು ಕೂರಿಸಿ, 'ಅಕ್ಕಾರ, ಮೈಕ್ ಹಚ್ಚೋದಿದ್ರ ಪರ್ಮಿಷನ್ ಬೇಕ್ರಿ. ಮನ್ಯಾಗ ಕುಂತು ಹಾಡೂದಕ್ಕ ನಾವೇನ್ ಕೊಡೂಣ್ರಿ?' ಅಂದರು. ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಡಿ ಅಂದೆ. ಪಾಲಿಕೆಗೆ ಹೋಗಿ ಅಂದರು. ಪಾಲಿಕೆಯಲ್ಲಿ, ಇದು ನಮಗೆ ಬರಲ್ಲ, ನಿಮ್ಮ ಸೊಸೈಟಿಯನ್ನೇ ಕೇಳಿ ಅಂದರು. ಮೂರು ದಿನ ರಜೆ ಹಾಕಿ ಓಡಾಡಿ, ಹೊರಟಲ್ಲಿಗೇ ವಾಪಸ್ ಬಂದೆ.

ಕಮಿಟಿಗೆ ಹೇಳುವ ಹಕ್ಕೇ ಇಲ್ಲ ಅಂತ ನಾನು ಅನ್ನುವುದಿಲ್ಲ. ಲಿಫ್ಟು, ಮೆಟ್ಟಿಲು, ಪಾರ್ಕಿಂಗು ಎಲ್ಲರದ್ದು. ಅಲ್ಲಿ ಏನಿರಬೇಕು, ಎಷ್ಟು ಹೊತ್ತು ಇರಬೇಕು ಅಂತ ಅವರು ನಿಯಮ ಮಾಡಲಿ. ಐವತ್ತು ಜನ ಬಂದು, ಬಾಗಿಲಿಗೆ ಬೋರ್ಡ್ ಹಾಕಿ, ಕಾಣಿಕೆ ಎತ್ತಿದರೆ ಅದು ಮನೆ ಅಲ್ಲ, ಒಪ್ಪುತ್ತೇನೆ. ಆದರೆ ಅದೇ ನಿಯಮ ನಾಮಕರಣಕ್ಕೂ ಹುಟ್ಟುಹಬ್ಬಕ್ಕೂ ಇರಬೇಕು. ಹೋದ ತಿಂಗಳು ಕೆಳಗಿನ ಮನೆಯಲ್ಲಿ ಹುಟ್ಟುಹಬ್ಬಕ್ಕೆ ನಲವತ್ತು ಜನ ಬಂದಿದ್ದರು, ಸ್ಪೀಕರ್ ಇತ್ತು. ಯಾರೂ ಅರ್ಜಿ ಕೇಳಲಿಲ್ಲ. ನಾವೂ ಹೋಗಿ ಉಂಡು ಬಂದೆವು. ಇನ್ನು ಸದ್ದು ಅಂದರೆ, 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಅಂತಿದೆ. ನಮ್ಮದು ಏಳೂವರೆಗೇ ಮುಗಿಯುತ್ತದೆ. ಹಾಡುತ್ತಿರುವಾಗ ಒಮ್ಮೆ ಬಾಗಿಲು ಹಾಕಿಕೊಂಡು ಹೊರಗೆ ನಿಂತು ಕೇಳಿದೆ. ಎದುರು ಮನೆಯ ಟಿವಿಯೇ ಜಾಸ್ತಿ ಕೇಳುತ್ತಿತ್ತು.

ಗುರುವಾರ ಆಗಿದ್ದು ಇಷ್ಟು. ವಾಚ್‌ಮನ್ ಗೇಟಿಗೆ ಚಿಲಕ ಹಾಕಿ, ಬಂದವರ ಹೆಸರು, ಫೋನ್ ನಂಬರು, ಬಂದ ಕಾರಣ ಬರೆಸಿಕೊಂಡ. ಅವನದೇನೂ ತಪ್ಪಿಲ್ಲ, ಹೇಳಿದಂತೆ ಮಾಡಿದ. ಎಪ್ಪತ್ತು ದಾಟಿದ ಇಬ್ಬರು ಅಮ್ಮಂದಿರು ಜಿಟಿಜಿಟಿ ಮಳೆಯಲ್ಲಿ ಇಪ್ಪತ್ತು ನಿಮಿಷ ನಿಂತರು. ಕಮಿಟಿಯವರೊಬ್ಬರು ಇಳಿದು ಬಂದು, 'ಹೊರಗಿನವರನ್ನ ಕರ್ಕೊಂಡು ಒಳಗ ಏನ್ ಮಾಡ್ತೀರಿ?' ಅಂತ ಎಲ್ಲರೆದುರು ಕೇಳಿದರು. ಬಂದು ಕೂತು ನೋಡಿ ಅಂದೆ. ಬರಲಿಲ್ಲ. ಕೊನೆಗೆ ಎಲ್ಲರೂ ವಾಪಸ್ ಹೋದರು. ಮೇಲೆ ಅತ್ತೆ ಐದೂವರೆಗೇ ತಲೆ ಬಾಚಿಸಿಕೊಂಡು, ಇಸ್ತ್ರಿ ಸೀರೆ ಉಟ್ಟು, ದೊಡ್ಡಕ್ಷರದ ಗೀತೆ ಪುಸ್ತಕ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಎಂಟು ಗಂಟೆಗೆ 'ಇವತ್ತ ಯಾರೂ ಬರೂದಿಲ್ಲೇನವಾ?' ಅಂದರು. ಏನು ಹೇಳಲಿ? ಮಾಡಿಟ್ಟ ಹನ್ನೆರಡು ಕಪ್ ಚಹಾ ಚೆಲ್ಲಿದೆ.

ಇದೇ ಕಮಿಟಿಗೆ ಲಿಫ್ಟ್ ರಿಪೇರಿ ಮಾಡಿಸಲು ನಾಲ್ಕು ತಿಂಗಳು ಬೇಕಾಯಿತು. ಪಾಲಿಕೆಯವರ ಕಥೆಯೂ ಅಷ್ಟೇ. ಗೇಟಿನ ಮುಂದಿನ ಬೀದಿದೀಪ ಎರಡು ವರ್ಷದಿಂದ ಹತ್ತಿಲ್ಲ, ಅರ್ಜಿ ಕೊಟ್ಟರೆ ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ. ನಲ್ಲಿ ನೀರು ಯಾವಾಗ ಬರುತ್ತದೆ ಅಂತ ಕೇಳಿದರೂ ಅದೇ ಉತ್ತರ, ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನಲಿಕ್ಕೆ ಇಷ್ಟು ಜನ ಯಾಕೆ ಬೇಕು?

ಕಮಿಟಿಯವರು ಬೇಡ ಅನ್ನುವುದಾದರೆ ಯಾವ ಬೈಲಾದ ಪ್ರಕಾರ ಬೇಡ ಅಂತ ಸಹಿ ಮಾಡಿ ಬರೆದುಕೊಡಲಿ. ಇಲ್ಲವೇ ಪೊಲೀಸರಾದರೂ, ಪಾಲಿಕೆಯವರಾದರೂ, ಇದಕ್ಕೆ ನಮ್ಮ ಅನುಮತಿ ಬೇಕಿಲ್ಲ ಅಂತ ಒಂದು ಸಾಲು ಕೊಡಲಿ. ಯಾರಾದರೂ ಒಬ್ಬರು ಕೊಡಿ. ಆ ದೀಪವನ್ನೂ ಹಚ್ಚಿಸಿ, ಮುಂದಿನ ಗುರುವಾರವೂ ಆ ಅಮ್ಮಂದಿರು ಕತ್ತಲಲ್ಲೇ ಬರಬೇಕು.

– ನೊಂದ ನಿವಾಸಿ, ಕೇಶ್ವಾಪುರ, ಹುಬ್ಬಳ್ಳಿ