ಅಜ್ಜನಿಗೆ ಮೊದಲೇ ಫೋಟೋ ತೋರಿಸಬೇಡ

ಸಾಗರ

ಪ್ರೀತಿಯ ಪುಟ್ಟಿ,

ಸಾಕ್ಷ್ಯಚಿತ್ರಕ್ಕೆ ಅಜ್ಜನನ್ನು ಕೇಳೋಕೆ ಅಂತ ನೀನು ಬರೆದು ಕಳಿಸಿದ ಪ್ರಶ್ನೆಗಳನ್ನು ಓದಿದೆ. ಹುಟ್ಟು, ಶಾಲೆ, ಮದುವೆ, ಮಕ್ಕಳು ಅಂತ ಸಾಲಾಗಿ ಕೇಳಿದರೆ ಅಜ್ಜ ಇಸವಿ ಹೇಳಿ ಸುಮ್ಮನಾಗ್ತಾರೆ. ಅದರ ಬದಲು ಮುಳುಗಡೆಯನ್ನು ನಡುವಿಗಿಟ್ಟುಕೋ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿತಲ್ಲ, ಆಗ ಊರು ಬಿಟ್ಟವರು ಅವರು. ಊರಲ್ಲಿ ಏನೇನಿತ್ತು, ಹೊರಟ ದಿನ ಏನಾಯಿತು, ಹೊಸ ಜಾಗದಲ್ಲಿ ಮೊದಲ ಮಳೆಗಾಲ ಹೇಗೆ ಕಳೆಯಿತು? ಇಷ್ಟು ಕೇಳಿದರೆ ನಿನ್ನ ಸಾಕ್ಷ್ಯಚಿತ್ರಕ್ಕೆ ಸಾಕು.

ಹಳೇ ಮನೆಯ ಅಂಗಳದಲ್ಲಿ ಎಲ್ಲರೂ ನಿಂತಿರುವ ಫೋಟೋ ಇದೆಯಲ್ಲ, ಅದನ್ನು ಶುರುವಿನಲ್ಲೇ ಕೈಗೆ ಕೊಡಬೇಡ. ನೋಡಿದ ತಕ್ಷಣ ಮಾತು ಅದರೊಳಗಿನ ಮುಖಗಳಿಗೇ ಕಟ್ಟುಬೀಳುತ್ತೆ. ಮೊದಲು ಬರಿಗೈಯಲ್ಲಿ ಕೇಳು: "ಅಜ್ಜ, ದಣಪೆ ದಾಟಿ ಒಳಗೆ ಬಂದರೆ ಮೊದಲು ಏನು ಕಾಣ್ತಿತ್ತು?" ಜಗಲಿ, ನಡುಮನೆ, ಅಡುಗೆಮನೆ, ಕೊಟ್ಟಿಗೆ ಅಂತ ಅವರೇ ಮನೆಯೆಲ್ಲ ಸುತ್ತಿಸಿಕೊಂಡು ಬರಲಿ. ನಡುವೆ ಮಾತು ನಿಂತರೆ ಮುಂದಿನ ಪ್ರಶ್ನೆಗೆ ಹಾರಬೇಡ, ಸ್ವಲ್ಪ ಕಾಯಿ. ಆಮೇಲೆ ಫೋಟೋ ಕೊಟ್ಟು ಕ್ಯಾಮೆರಾವನ್ನು ಕೈಗಳ ಮೇಲಿಡು. ಯಾರು ತೆಗೆದದ್ದು, ಅವತ್ತೇ ಯಾಕೆ ತೆಗೆಸಿದ್ರಿ ಅಂತ ಕೇಳಿ, ಕೊನೆಗೆ "ಇದರಲ್ಲಿ ಇರಬೇಕಾದವರು ಯಾರು ಇಲ್ಲ?" ಅನ್ನು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಅದು.

ಮಾತಿಗೂ ಫೋಟೋಕ್ಕೂ ತಾಳೆಯಾಗದಿದ್ದರೆ ತಿದ್ದಬೇಡ. ಮನೆಗೆ ಸೋಗೆ ಹೊದಿಸಿತ್ತು ಅಂದಿರ್ತಾರೆ, ಫೋಟೋದಲ್ಲಿ ಹೆಂಚಿರುತ್ತೆ. "ಹೆಂಚು ಹಾಕಿಸಿದ್ದು ಯಾವಾಗ?" ಅಂತ ಕೇಳಿದರೆ ಫೋಟೋ ಯಾವ ಕಾಲದ್ದು ಅನ್ನೋದೂ ಹೊರಬೀಳಬಹುದು.

ಆ ಫೋಟೋ ಶೀತಕ್ಕೆ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಬಿಡಿಸಲು ಹೋಗಬೇಡ, ಚಿತ್ರದ ಪದರವೇ ಗಾಜಿನ ಜೊತೆ ಕಿತ್ತು ಬರುತ್ತೆ. ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಆರಿಸಿ, ಗಾಜಿನ ಮೇಲಿಂದಲೇ ನೇರವಾಗಿ ತೆಗೆ. ನಿನ್ನ ಪ್ರತಿಬಿಂಬ ಗಾಜಿನಲ್ಲಿ ಕಂಡರೆ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿಸು. ಬಿಡಿ ಫೋಟೋಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡು, ಬೆನ್ನನ್ನೂ ಮಾಡು. ಸ್ಟುಡಿಯೋದ ಮುದ್ರೆ, ಯಾರೋ ಗೀಚಿದ ಹೆಸರು ಅಲ್ಲೇ ಇರುತ್ತೆ.

ಮಳೆ ಬಂದರೆ ಜಗಲಿಯ ತಗಡಿನ ಸದ್ದಿಗೆ ಏನೂ ಕೇಳಲ್ಲ, ನಡುಮನೆಯಲ್ಲೇ ಕೂರಿಸು. ಮೈಕನ್ನು ಶಾಲಿಗಲ್ಲ, ಅಂಗಿಗೆ ಸಿಕ್ಕಿಸು. ಶಾಲು ಉಜ್ಜಿದರೆ ಬರೀ ಸರಸರ. ಅವರಿಗೆ ದಣಿವಾಗುವ ಮೊದಲೇ ನಿಲ್ಲಿಸಿ, ಉಳಿದದ್ದನ್ನು ಮರುದಿನ ಬೆಳಿಗ್ಗೆ ಕೇಳು.

ದೀಪಾವಳಿಗೆ ಬಂದಾಗ ಮಾತು ಮುಗಿಸೋಣ, ಹಿನ್ನೀರಿನ ಚಿತ್ರೀಕರಣ ಬೇಸಿಗೆಗಿರಲಿ. ನೀರು ತೀರಾ ಇಳಿದರೆ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತೆ. ಅಜ್ಜ ಅಲ್ಲಿಗೆ ಬರ್ತಾರೋ ಇಲ್ಲವೋ, ಕ್ಯಾಮೆರಾ ಇಲ್ಲದ ಹೊತ್ತಲ್ಲಿ ನೀನೇ ಕೇಳು. ಒಲ್ಲೆ ಅಂದರೆ ಒತ್ತಾಯ ಬೇಡ, ನಾವಿಬ್ಬರೇ ಹೋಗಿ ಬರೋಣ.

ನಿನ್ನ
ಅಪ್ಪ